ವಾರ್ಷಿಕ ಕಾರ್ಯಮೌಲ್ಯಮಾಪನ: ಸ್ಟಾಫ್ ನರ್ಸ್, ಮಹಿಳಾ ಮೆಡಿಸಿನ್ ವಾರ್ಡ್
ಅವಧಿ: ಏಪ್ರಿಲ್ 2024ರಿಂದ ಮಾರ್ಚ್ 2025

ಪ್ರೀತಿಯ ಸಿಸ್ಟರ್,

ಫಾರಂನಲ್ಲಿ ಅಂಕಗಳನ್ನು ತುಂಬಿದ್ದೇನೆ. ಆದರೆ ಬರೀ ಅಂಕ ನೋಡಿದರೆ ನಿಮಗೆ ಬೇಜಾರಾಗುತ್ತದೆ, ವಿಷಯ ಮಾತ್ರ ತಿಳಿಯುವುದಿಲ್ಲ. ಹಾಗಾಗಿ ಬಿಡಿಸಿ ಬರೆಯುತ್ತಿದ್ದೇನೆ.

ರೋಗಿಗಳ ಆರೈಕೆಯಲ್ಲಿ 5ಕ್ಕೆ 5 ಕೊಟ್ಟಿದ್ದೇನೆ. ವಯಸ್ಸಾದವರ ಸಣಕಲು ಕೈಯಲ್ಲಿ ನರ ಸಿಗದಿದ್ದಾಗ ಪಕ್ಕದ ವಾರ್ಡಿನವರೂ ನಿಮ್ಮನ್ನೇ ಕರೆಯುತ್ತಾರೆ. ಮೂರು ದಿನ ಊಟ ಮುಟ್ಟದೆ ಕೂತಿದ್ದ 9ನೇ ಬೆಡ್ಡಿನ ಅಜ್ಜಿಗೆ ಗಂಜಿ ಕುಡಿಸಿದವರು ನೀವು. ಡಿಸ್ಚಾರ್ಜ್ ಆಗುವ ದಿನ ಅವರು ನಿಮ್ಮನ್ನು ಹುಡುಕಿಕೊಂಡು ಡ್ಯೂಟಿ ರೂಮಿಗೇ ಬಂದಿದ್ದರು. ಇದನ್ನು ಯಾರೂ ಹೇಳಿಕೊಟ್ಟು ಬರುವುದಲ್ಲ.

ದಾಖಲೆ ಮತ್ತು ಹ್ಯಾಂಡೋವರ್ ವಿಭಾಗದಲ್ಲಿ 5ಕ್ಕೆ 2 ಕೊಟ್ಟಿದ್ದೇನೆ. ಅದಕ್ಕೆ ಕಾರಣವಿದೆ.

ನವೆಂಬರಿನ ಆ ಬೆಳಿಗ್ಗೆ ನಿಮಗೂ ನೆನಪಿರುತ್ತದೆ. ನೈಟ್ ಡ್ಯೂಟಿ ಮುಗಿಯುವ ಹೊತ್ತು. 14ನೇ ಬೆಡ್ಡಿನವರಿಗೆ ಜಿಆರ್‌ಬಿಎಸ್ ನೋಡಿ, 7:30ಕ್ಕೆ 12 ಯೂನಿಟ್ ಇನ್ಸುಲಿನ್ ಕೊಟ್ಟಿರಿ. ಸರಿಯಾದ ಔಷಧ, ಸರಿಯಾದ ಡೋಸ್, ಸರಿಯಾದ ಹೊತ್ತು. ಚಾರ್ಟಿನಲ್ಲಿ ಮಾತ್ರ ಬರೆಯಲಿಲ್ಲ. ಎದುರಿನ ಬೆಡ್ಡಿನವರಿಗೆ ವಾಂತಿ ಶುರುವಾಗಿತ್ತು, ಅತ್ತ ಓಡಿದಿರಿ. ಆಮೇಲೆ ಓವರ್ ಕೊಡುವಾಗಲೂ ಅದನ್ನು ಹೇಳುವುದು ಬಿಟ್ಟುಹೋಯಿತು. ಬೆಳಗಿನ ಸಿಸ್ಟರ್ ಖಾಲಿ ಕಾಲಂ ನೋಡಿ ಮತ್ತೆ ಸಿರಿಂಜ್ ತುಂಬಿಕೊಂಡು ಹೋದರು. “ಈಗ್ತಾನೆ ಕೊಟ್ರಲ್ಲ ಸಿಸ್ಟರ್” ಎಂದು ರೋಗಿಯ ಮಗಳು ಹೇಳಿದ್ದರಿಂದ ಉಳಿಯಿತು. ಆಕೆ ಟೀ ತರಲು ಕೆಳಗೆ ಹೋಗಿದ್ದರೆ? ಎರಡು ಡೋಸ್ ಬಿದ್ದು ಸಕ್ಕರೆ ಕುಸಿದಿದ್ದರೆ ಏನಾಗುತ್ತಿತ್ತು ಎಂದು ನಿಮಗೆ ನಾನು ಹೇಳಬೇಕಿಲ್ಲ.

ಅದು ಒಂದು ದಿನದ ಮರೆವು ಆಗಿದ್ದರೆ ಇಲ್ಲಿ ಬರೆಯುತ್ತಲೇ ಇರಲಿಲ್ಲ. ಜನವರಿಯಿಂದ ಮಾರ್ಚ್‌ವರೆಗೆ ನಿಮ್ಮ ಶಿಫ್ಟಿನ 30 ಫೈಲ್ ತೆಗೆದು ನೋಡಿದೆ. 11ರಲ್ಲಿ ಇಡೀ ಶಿಫ್ಟಿನ ಔಷಧಿಗಳನ್ನು ಕೊನೆಯಲ್ಲಿ ಒಟ್ಟಿಗೆ ಬರೆದಿದ್ದೀರಿ. 6 ಫೈಲುಗಳಲ್ಲಿ ಇನ್‌ಟೇಕ್-ಔಟ್‌ಪುಟ್ ಚಾರ್ಟ್ ಅರ್ಧಕ್ಕೇ ನಿಂತಿದೆ. ಹೃದಯದ ತೊಂದರೆ ಇರುವವರಿಗೆ ಡಾಕ್ಟರು ಲ್ಯಾಸಿಕ್ಸ್ ಡೋಸ್ ಬದಲಿಸುವಾಗ ಆ ಲೆಕ್ಕವನ್ನೇ ನೋಡುತ್ತಾರೆ, ಅಲ್ವಾ?

ಇದನ್ನು ನಾನು ಬೇಜವಾಬ್ದಾರಿ ಎನ್ನುವುದಿಲ್ಲ. ನಿಮ್ಮನ್ನು ಹತ್ತಿರದಿಂದ ನೋಡಿದ ಯಾರೂ ಹಾಗೆ ಹೇಳುವುದಿಲ್ಲ. ರೋಗಿ ಕರೆದರೆ ಪೆನ್ನು ಬಿಟ್ಟು ಓಡುತ್ತೀರಿ. ಬೇರೆಯವರ ಬೆಡ್ಡಿನ ಕೆಲಸಕ್ಕೂ “ಆಮೇಲೆ ಬರ್ತೀನಿ” ಎನ್ನುವುದು ನಿಮಗೆ ಆಗುವುದಿಲ್ಲ. ಆದರೆ ನೀವು ಮನೆಗೆ ಹೋದ ಮೇಲೆ ಆ ರೋಗಿಯ ಹತ್ತಿರ ಉಳಿಯುವುದು ನಿಮ್ಮ ಚಾರ್ಟ್ ಒಂದೇ. ಅದು ಖಾಲಿ ಇದ್ದರೆ ನೀವು ಮಾಡಿದ ಒಳ್ಳೆಯ ಕೆಲಸವೇ ರೋಗಿಗೆ ಅಪಾಯವಾಗಬಹುದು.

ನಮ್ಮ ಕಡೆಯ ತಪ್ಪೂ ಇದೆ. 24 ಬೆಡ್ಡಿಗೆ ರಾತ್ರಿ ಇಬ್ಬರೇ ಇರುತ್ತೀರಿ. ಫೈಲುಗಳೆಲ್ಲ ದೂರದ ಕೌಂಟರಿನಲ್ಲಿ ಇರುತ್ತಿದ್ದವು. ಈ ವಾರದಿಂದ ಔಷಧಿ ಚಾರ್ಟನ್ನು ಬೆಡ್ಡಿನ ಕಾಲಿಗೇ ತೂಗುಹಾಕಿಸುತ್ತಿದ್ದೇನೆ. ರಾತ್ರಿಗೆ ಇನ್ನೊಬ್ಬರು ಬೇಕೆಂದು ಮೇಟ್ರನ್ ಅವರಿಗೆ ಬರೆದುಕೊಟ್ಟಿದ್ದೇನೆ.

ನಿಮ್ಮಿಂದ ಕೇಳುವುದು ಎರಡೇ. ಕೊಟ್ಟ ಔಷಧಿಗೆ ಆ ಬೆಡ್ಡಿನ ಪಕ್ಕದಲ್ಲೇ ಸಮಯ ಬರೆದು ಸಹಿ ಹಾಕಿ, ಆಮೇಲೆ ಹೆಜ್ಜೆ ಇಡಿ. ಇನ್ಸುಲಿನ್, ಹೆಪಾರಿನ್ ಆದರೆ ಜೊತೆಯವರ ಸಹಿಯೂ ಬೇಕು. ಓವರ್ ಕೊಡುವಾಗ ಕೌಂಟರಿನಲ್ಲಿ ನಿಂತು ಹೇಳುವುದು ಬೇಡ, ಪ್ರತಿ ಬೆಡ್ಡಿನ ಹತ್ತಿರ ಹೋಗಿ ಚಾರ್ಟ್ ತೆರೆದು ತೋರಿಸಿ. ಹತ್ತು ನಿಮಿಷ ಜಾಸ್ತಿ ಆದರೂ ಪರವಾಗಿಲ್ಲ.

ಇನ್ಕ್ರಿಮೆಂಟಿಗೆ ಶಿಫಾರಸು ಮಾಡಿದ್ದೇನೆ. ಶಿಫ್ಟ್ ಇನ್‌ಚಾರ್ಜ್ ಹುದ್ದೆಗೆ ಈ ಸಲ ಮಾಡಿಲ್ಲ. ನೀವು ಅದರ ಮೇಲೆ ಆಸೆ ಇಟ್ಟಿದ್ದು ಗೊತ್ತು, ಬರೆಯುವಾಗ ನನಗೂ ಕಷ್ಟವಾಯಿತು. ಇನ್‌ಚಾರ್ಜ್ ಆದವರು ಬೇರೆಯವರ ಚಾರ್ಟ್ ನೋಡಬೇಕು, ಅದಕ್ಕೆ ಮೊದಲು ನಿಮ್ಮದು ಸರಿಯಾಗಬೇಕು. ಜೂನ್ ಕೊನೆಯವರೆಗೆ ವಾರಕ್ಕೆ 5 ಫೈಲ್ ಇಬ್ಬರೂ ಕೂತು ನೋಡೋಣ. ಎಲ್ಲವೂ ಸರಿಯಿದ್ದರೆ ಜುಲೈನಲ್ಲಿ ನಾನೇ ನಿಮ್ಮ ಹೆಸರು ಕಳಿಸುತ್ತೇನೆ, ಮುಂದಿನ ವರ್ಷದವರೆಗೆ ಕಾಯಿಸುವುದಿಲ್ಲ.

ಶುಕ್ರವಾರ ಮಧ್ಯಾಹ್ನ 2:30ಕ್ಕೆ ನನ್ನ ರೂಮಿಗೆ ಬನ್ನಿ, ಮಾತಾಡೋಣ. ಇದರಲ್ಲಿ ಯಾವುದನ್ನಾದರೂ ಒಪ್ಪದಿದ್ದರೆ ಸಹಿಗೆ ಮೊದಲು ಕೆಳಗಿನ ಜಾಗದಲ್ಲಿ ಬರೆಯಿರಿ. ಒಂದಕ್ಷರವೂ ತಿದ್ದದೆ ಮೇಲಕ್ಕೆ ಕಳಿಸುತ್ತೇನೆ.

ವಾರ್ಡ್ ಇನ್‌ಚಾರ್ಜ್
ಮಹಿಳಾ ಮೆಡಿಸಿನ್ ವಾರ್ಡ್