ಬಿಸಿಲಮರಿಯ ಒಂದು ದಿನ

(ಪರದೆಯ ಮೇಲೆ ನಮ್ಮ ಮನೆಯ ಪೂರ್ವದ ಕಿಟಕಿ ಕಾಣುತ್ತದೆ. ಚಿತ್ರ ಕತ್ತಲಿನಿಂದ ಬಹಳ ನಿಧಾನವಾಗಿ ಬೆಳಗುತ್ತದೆ.)

ಪುಟ್ಟಿ, ಅಣ್ಣ, ಇಬ್ಬರೂ ಕಾಲು ಚಾಚಿ ಮಲಗಿದಿರಾ? ಕಂಬಳಿ ಕತ್ತಿನವರೆಗೆ ಬಂದಿದೆಯೇ? ಹಾಗಾದರೆ ಕೇಳಿ. ಇದು ನಮ್ಮ ಮನೆಗೆ ದಿನವೂ ಬಂದು ಹೋಗುವ ಒಂದು ಬಿಸಿಲಮರಿಯ ಕಥೆ. ಈ ಕಥೆಯ ಚಿತ್ರಗಳೆಲ್ಲ ನಮ್ಮ ಮನೆಯವೇ. ಹೆಚ್ಚಿನವುಗಳಲ್ಲಿ ಬಿಸಿಲಮರಿ ಎಲ್ಲಿದೆಯೋ ಅಲ್ಲಿ ನಾನು ಸ್ವಲ್ಪ ಹೊನ್ನಿನ ಬಣ್ಣ ಸೇರಿಸಿದ್ದೇನೆ, ಹುಡುಕಲು ನಿಮಗೆ ಕಷ್ಟವಾಗಬಾರದೆಂದು.

ಬೆಳಿಗ್ಗೆ ನಾವೆಲ್ಲ ಏಳುವ ಮೊದಲೇ ಬಿಸಿಲಮರಿ ಸೂರ್ಯನಿಂದ ಹೊರಟಿತು. ದಾರಿ ಬಹಳ ಉದ್ದ, ಆದರೆ ಅದರಷ್ಟು ವೇಗವಾಗಿ ಓಡುವವರು ಯಾರೂ ಇಲ್ಲವಾದ್ದರಿಂದ 8 ನಿಮಿಷ ಮತ್ತು ಇನ್ನು ಕೆಲವೇ ಕ್ಷಣಗಳಲ್ಲಿ ಅದು ನಮ್ಮ ಕಿಟಕಿಯನ್ನು ತಲುಪಿಬಿಟ್ಟಿತು. ಬಂದದ್ದೇ ಕೋಣೆಯ ಆಚೆ ತುದಿಯ ಗೋಡೆಯ ಮೇಲೆ ಹೋಗಿ ಕುಳಿತುಕೊಂಡಿತು. ನೋಡಿ, ಅಲ್ಲಿ, ಗಡಿಯಾರದ ಪಕ್ಕದಲ್ಲಿ.

(ಅಪ್ಪ ನಿದ್ದೆ ಮಾಡುತ್ತಿರುವ ಫೋಟೊ. ಹೊನ್ನಿನ ಬೆಳಕು ಅವರ ಹೆಬ್ಬೆರಳಿನ ಮೇಲಿದೆ.)

ಸೂರ್ಯ ಒಂದಿಷ್ಟು ಮೇಲಕ್ಕೇರಿದಾಗ ಬಿಸಿಲಮರಿ ಗೋಡೆಯಿಂದ ಕೆಳಗಿಳಿಯಿತು. ಅದು ಸದ್ದು ಮಾಡಲಿಲ್ಲ, ಕಾಲನ್ನೂ ಊರಲಿಲ್ಲ. ಕಂಬಳಿಯಿಂದ ಹೊರಗೆ ಬಂದಿದ್ದ ಅಪ್ಪನ ಹೆಬ್ಬೆರಳನ್ನು ಮೆಲ್ಲಗೆ ಬೆಚ್ಚಗೆ ಮಾಡಿತು. ಅಪ್ಪ ಏಳಲಿಲ್ಲ. ಬಿಸಿಲಮರಿ ಬೇಸರಪಟ್ಟುಕೊಳ್ಳದೆ ನೆಲಕ್ಕೆ ಜಾರಿತು.

(ಬೆಕ್ಕಿನ ತುಣುಕು. ಎರಡು ಗಂಟೆಯ ದೃಶ್ಯ ಅರ್ಧ ನಿಮಿಷದಲ್ಲಿ ಸಾಗುತ್ತದೆ.)

ಬಿಸಿಲಮರಿಯ ಗುಟ್ಟು ನಮ್ಮ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ತಿಳಿದಿರುವುದು ಬೆಕ್ಕಿಗೆ. ಬಿಸಿಲು ನೆಲದ ಮೇಲೆ ಎಲ್ಲಿಗೆ ಹೋದರೂ ಬೆಕ್ಕು ಎದ್ದು, ಮೈ ಮುರಿದು, ಎರಡು ಹೆಜ್ಜೆ ಮುಂದೆ ಇಟ್ಟು, ಮತ್ತೆ ಅದರ ನಡುವೆಯೇ ಸುರುಳಿ ಸುತ್ತಿಕೊಂಡಿತು. ಬಿಸಿಲು ಸರಿಯಿತು, ಬೆಕ್ಕೂ ಸರಿಯಿತು. ಬಿಸಿಲು ಇನ್ನೂ ಸರಿಯಿತು, ಬೆಕ್ಕು ಇನ್ನೂ ಸರಿಯಿತು. ನಿಜ ಹೇಳಬೇಕೆಂದರೆ ನಡೆಯುತ್ತಿದ್ದುದು ಬಿಸಿಲೂ ಅಲ್ಲ. ನಾವು ಮಲಗಿರುವ ಈ ಭೂಮಿಯೇ, ತೊಟ್ಟಿಲು ತೂಗಿದಷ್ಟೂ ಸದ್ದಿಲ್ಲದೆ, ಮೆಲ್ಲಮೆಲ್ಲನೆ ತಿರುಗುತ್ತಿತ್ತು.

(ಅಣ್ಣನ ತುಣುಕು. ವೇಗ ಕಾಲುಭಾಗಕ್ಕೆ ಇಳಿದಿದೆ, ಅದರ ಸದ್ದನ್ನು ತೆಗೆಯಲಾಗಿದೆ.)

ಅಷ್ಟರಲ್ಲಿ ಅಣ್ಣ ಬಂದ. ಆಗ ಅವನಿಗೆ ಮೂರು ವರ್ಷ. ಬಿಸಿಲಿನೊಳಗೆ ಧೂಳಿನ ಕಣಗಳು ತೇಲುತ್ತಿರುವುದನ್ನು ಕಂಡು ಅವುಗಳನ್ನು ಹಿಡಿಯಲು ಕೈ ಚಾಚಿದ. ಆ ದಿನ ಅವನು ಕೂಗುತ್ತ ಕೋಣೆಯ ತುಂಬ ಓಡಿದ್ದನು. ಆದರೆ ಮಲಗುವ ಹೊತ್ತಿನಲ್ಲಿ ಓಟ ಬೇಡವೆಂದು ನಾನು ಈ ತುಣುಕನ್ನು ನಿಧಾನಗೊಳಿಸಿದ್ದೇನೆ. ಈಗ ನೋಡಿ, ನೀರಿನೊಳಗೆ ನಡೆಯುವವನ ಹಾಗೆ ಅವನ ಕೈ ಮೇಲೇರುತ್ತದೆ, ಬೆರಳುಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ, ಮುಷ್ಟಿ ಬಿಗಿಯಾಗುತ್ತದೆ. ಅವನು ಮುಷ್ಟಿಯನ್ನು ತೆರೆದು ನೋಡಿದ. ಒಳಗೆ ಏನೂ ಇರಲಿಲ್ಲ. ಆದರೆ ತೆರೆದ ಅಂಗೈಯ ಮೇಲೆ ಬಿಸಿಲಮರಿ ತಾನಾಗಿಯೇ ಬಂದು ಕುಳಿತಿತ್ತು.

ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ನಿಂತಾಗ ಬಿಸಿಲಮರಿ ಕಿಟಕಿಯನ್ನು ದಾಟಿ ಹೊರಗೆ ಹೋಯಿತು. ಆಗ ನಾವು ಊಟ ಮಾಡಿದೆವು.

(ಪಶ್ಚಿಮದ ಕಿಟಕಿ. ಅದರ ಕೆಳಗೆ ಅಜ್ಜಿ ಮತ್ತು ಪುಟ್ಟಿ.)

ಸಂಜೆಯ ಹೊತ್ತಿಗೆ ಅದು ಮನೆಯ ಇನ್ನೊಂದು ಬದಿಯ ಕಿಟಕಿಯಿಂದ ಒಳಗೆ ಬಂತು. ಈ ಸಲ ಅದರ ಮೈಬಣ್ಣ ಹೆಚ್ಚು ಕೆಂಪಾಗಿತ್ತು, ಏಕೆಂದರೆ ಸಂಜೆಯ ಬೆಳಕು ಗಾಳಿಯೊಳಗೆ ಬಹಳ ದೂರ ನಡೆದು ಬರಬೇಕು, ಆ ದಾರಿಯಲ್ಲಿ ನೀಲಿಯೆಲ್ಲ ಚೆದುರಿಹೋಗುತ್ತದೆ. ಅಜ್ಜಿಯ ಕನ್ನಡಕದ ಮೇಲೆ ಒಂದು ಕ್ಷಣ ಮಿನುಗಿ, ಪುಟ್ಟಿಯ ಕಿವಿಯ ಹಿಂದೆ ನಿಂತಿತು. ಪುಟ್ಟಿ, ನಿನ್ನ ಕಿವಿ ನೋಡು, ಚಿಗುರೆಲೆಯ ಹಾಗೆ ಕೆಂಪಗೆ ಹೊಳೆಯುತ್ತಿದೆ. ಇಲ್ಲಿ ನಾನು ಯಾವ ಬಣ್ಣವನ್ನೂ ಸೇರಿಸಿಲ್ಲ.

(ಬಹಳ ಹಳೆಯ ಕಪ್ಪುಬಿಳುಪು ಫೋಟೊ. ಇದು ಪರದೆಯ ಮೇಲೆ ಉಳಿದವುಗಳಿಗಿಂತ ಹೆಚ್ಚು ಹೊತ್ತು ಇರುತ್ತದೆ.)

ಈಗ ಈ ಚಿತ್ರವನ್ನು ನೋಡಿ. ಕಿಟಕಿಯ ಕೆಳಗೆ ಮೊಣಕಾಲು ಅಪ್ಪಿಕೊಂಡು ಕುಳಿತಿರುವ ಈ ಸಣ್ಣ ಹುಡುಗಿ ಯಾರೆಂದು ಗುರುತು ಸಿಕ್ಕಿತೇ? ಇವಳು ಅಜ್ಜಿ. ಇದೇ ಮನೆ, ಇದೇ ಕಿಟಕಿ, ಅವಳ ಕೆನ್ನೆಯ ಮೇಲಿರುವುದು ಇದೇ ಬಿಸಿಲಮರಿ. ಮುತ್ತಜ್ಜ ಈ ಫೋಟೊ ತೆಗೆದಾಗ ಅಜ್ಜಿಯ ಕೆನ್ನೆಯನ್ನು ಮುಟ್ಟಿದ ಬಿಸಿಲಿನಲ್ಲಿ ಸ್ವಲ್ಪ ಭಾಗ ಅಲ್ಲಿಂದ ಹಾರಿ, ಕ್ಯಾಮೆರಾದ ಗಾಜಿನ ಕಣ್ಣಿನೊಳಗೆ ಹೋಗಿ, ಫಿಲ್ಮಿನ ಮೇಲೆ ತನ್ನ ಗುರುತನ್ನು ಬಿಟ್ಟಿತು. ಅಂದಿನ ಹಗಲು ಅಂದೇ ಮುಗಿಯಿತು, ಗುರುತು ಮಾತ್ರ ಉಳಿಯಿತು. ಚಿತ್ರದ ಮೂಲೆಯಲ್ಲಿ ಒಂದು ಗೀರು ಇದೆ. ಅದನ್ನು ಅಳಿಸಬಹುದಾಗಿತ್ತು, ಆದರೆ ಅಜ್ಜಿ ಅದನ್ನು ತನ್ನ ಚಿಕ್ಕಂದಿನಿಂದಲೂ ಕಂಡಿದ್ದಾಳೆ, ಆದ್ದರಿಂದ ನಾನು ಅದನ್ನು ಮುಟ್ಟಲಿಲ್ಲ.

ಸೂರ್ಯ ಮುಳುಗತೊಡಗಿದ. ಬಿಸಿಲಮರಿ ಗೋಡೆಯನ್ನು ಹತ್ತಿತು, ಗೋಡೆಯ ಮೇಲೆ ಉದ್ದವಾಯಿತು, ತೆಳುವಾಯಿತು, ಮತ್ತೆ ಕಾಣಲಿಲ್ಲ. ಬೆಕ್ಕು ತಲೆಯೆತ್ತಿ ನೋಡಿ, ಬಟ್ಟೆಯ ಬುಟ್ಟಿಯೊಳಗೆ ಹೋಗಿ ಮಲಗಿತು.

(ಮತ್ತೆ ಪೂರ್ವದ ಕಿಟಕಿ. ರಾತ್ರಿ.)

ಆಗ ಪುಟ್ಟಿ ಕೇಳಿದಳು: "ಅಮ್ಮಾ, ಬಿಸಿಲಮರಿಗೆ ಕತ್ತಲೆಂದರೆ ಹೆದರಿಕೆಯೇ?"

ಇಲ್ಲ ಕಂದಾ, ಅದು ಈಗ ಬೇರೊಂದು ದಾರಿಯಲ್ಲಿ ನಡೆಯುತ್ತಿದೆ. ಇಂದು ಹುಣ್ಣಿಮೆ. ಸೂರ್ಯ ಆ ಕಡೆ ಮುಳುಗುವ ಹೊತ್ತಿಗೆ ಚಂದ್ರ ಈ ಕಡೆ ಮೂಡಿದ್ದಾನೆ. ಚಂದ್ರನಿಗೆ ತನ್ನದೆಂಬ ದೀಪವಿಲ್ಲ. ಬಿಸಿಲಮರಿಗಳು ಅವನ ಬೂದಿಬಣ್ಣದ ಬೆಟ್ಟಗಳ ಮೇಲೆ ಇಳಿದು, ಅಲ್ಲಿಂದ ಪುಟಿದು, ಒಂದು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಹೊತ್ತಿನಲ್ಲಿ ನಮ್ಮ ಮನೆಗೆ ಬರುತ್ತವೆ. ನಾವು ಒಂದು ಸಲ ಉಸಿರು ಎಳೆದುಕೊಳ್ಳುವಷ್ಟೇ ಹೊತ್ತು. ಬೆಳಿಗ್ಗೆ ಬಂದ ಅದೇ ಕಿಟಕಿಯಿಂದ ಅದು ಈಗಲೂ ಒಳಗೆ ಬಂದಿದೆ, ಆದರೆ ಬಹಳ ತಂಪಾಗಿ, ಬಹಳ ಮೆತ್ತಗೆ. ಈಗ ಅದರ ಹೆಸರು ಬೆಳದಿಂಗಳು.

(ನಿಮ್ಮ ಹಾಸಿಗೆ. ಚಿತ್ರದಿಂದ ಬಣ್ಣ ಮೆಲ್ಲನೆ ಹೊರಟುಹೋಗುತ್ತದೆ.)

ಪುಟ್ಟಿಯ ಕೆಂಪು ಕಂಬಳಿಯನ್ನು ನೋಡಿ. ನನ್ನ ಕ್ಯಾಮೆರಾ ಅದನ್ನು ಕೆಂಪಾಗಿಯೇ ತೆಗೆದಿತ್ತು. ಬೆಳದಿಂಗಳಿನಲ್ಲಿ ನಮ್ಮ ಕಣ್ಣಿಗೆ ಬಣ್ಣಗಳು ಅಷ್ಟಾಗಿ ಕಾಣುವುದಿಲ್ಲ, ಅದಕ್ಕಾಗಿ ನಾನೂ ಬಣ್ಣವನ್ನು ತೆಗೆದುಬಿಟ್ಟೆ. ತೆಗೆದ ಮೇಲೆ ನಿಮ್ಮ ಕೋಣೆ ಅಜ್ಜಿಯ ಆ ಹಳೆಯ ಫೋಟೊದಂತೆಯೇ ಕಂಡಿತು. ಅದೇ ಕಪ್ಪು, ಅದೇ ಬಿಳುಪು, ನಡುವೆ ಮೊಣಕಾಲು ಅಪ್ಪಿಕೊಂಡು ಮಲಗಿರುವ ಒಬ್ಬಳು ಸಣ್ಣ ಹುಡುಗಿ.

ಈಗ ಬೆಳದಿಂಗಳು ನಿಮ್ಮ ಕಂಬಳಿಯ ಮೇಲಿದೆ. ಅಣ್ಣ, ಅಂಗೈಯನ್ನು ಮುಷ್ಟಿ ಮಾಡದೆ ಹಾಗೆಯೇ ಬಿಡು. ಪುಟ್ಟಿ, ಕಣ್ಣು ಮುಚ್ಚಿಕೋ. ಉಸಿರು ಒಳಗೆ ಬರಲಿ. ಉಸಿರು ಹೊರಗೆ ಹೋಗಲಿ. ಇನ್ನೊಮ್ಮೆ ಒಳಗೆ. ಇನ್ನೊಮ್ಮೆ ಹೊರಗೆ.

(ಚಿತ್ರ ಮಸುಕಾಗುತ್ತದೆ. ಸಂಗೀತವಿಲ್ಲ.)

ಚಂದ್ರ ಮೇಲೇರಿದ ಹಾಗೆ ಬೆಳದಿಂಗಳು ಕಂಬಳಿಯಿಂದ ನೆಲಕ್ಕೆ ಇಳಿಯುತ್ತದೆ, ನೆಲದಿಂದ ಕಿಟಕಿಯ ಕಡೆಗೆ ಸರಿಯುತ್ತದೆ. ಅದಕ್ಕೆ ದಾರಿ ಗೊತ್ತಿದೆ. ಅದು ಹೋಗುವುದನ್ನು ನೋಡಲು ನೀವು ಎಚ್ಚರವಾಗಿರಬೇಕಾಗಿಲ್ಲ.