ಸಂಬಳ ಪರಿಷ್ಕರಣೆಗಾಗಿ ಮನವಿ

ದಿನಾಂಕ: 24-02-2025
ಹುಬ್ಬಳ್ಳಿ

ಇವರಿಗೆ,
ಪ್ರಧಾನ ವ್ಯವಸ್ಥಾಪಕರು

ಮಾನ್ಯರೇ,

ಕಳೆದ ವಾರ ನಾನು ತಮ್ಮ ಮೊಬೈಲ್‌ಗೆ, "ಸರ್, ಈ ವರ್ಷ ನನ್ನ ಪಗಾರ ಸ್ವಲ್ಪ ನೋಡ್ರಿ, ಮನಿ ಬಾಡಿಗಿ ಜಾಸ್ತಿ ಆಗೈತಿ, ಕೆಲಸಾನೂ ಭಾಳ ಆಗೈತಿ" ಎಂದು ಬರೆದಿದ್ದೆ. ಮಾಲೀಕರ ಮುಂದೆ ಇಡಬಹುದಾದ ರೀತಿಯಲ್ಲಿ ವಿವರವಾಗಿ ಬರೆದುಕೊಡಲು ತಾವು ಸೂಚಿಸಿದ್ದರಿಂದ ಈ ಪತ್ರ. ಮನೆ ಬಾಡಿಗೆ ನನ್ನ ಸ್ವಂತ ವಿಷಯವಾದ್ದರಿಂದ ಅದನ್ನು ಕೈಬಿಟ್ಟಿದ್ದೇನೆ. ಕೆಲಸ ಹೆಚ್ಚಾದದ್ದು ಕಂಪನಿಯ ವಿಷಯ, ಅದನ್ನಷ್ಟೇ ಇಲ್ಲಿ ಬರೆಯುತ್ತೇನೆ.

ಬರುವ ಏಪ್ರಿಲ್‌ನಿಂದ ನನ್ನ ಮಾಸಿಕ ಸಂಬಳವನ್ನು 26,000 ರೂಪಾಯಿಯಿಂದ 33,000 ರೂಪಾಯಿಗೆ ಏರಿಸಬೇಕೆಂದೂ, ಹುದ್ದೆಯನ್ನು ಅಕೌಂಟ್ಸ್ ಅಸಿಸ್ಟೆಂಟ್‌ನಿಂದ ಅಕೌಂಟೆಂಟ್ ಎಂದು ಬದಲಿಸಬೇಕೆಂದೂ ಕೋರುತ್ತೇನೆ.

2021ರ ಜೂನ್‌ನಲ್ಲಿ ನಾನು ಸೇರಿದಾಗ ಖರೀದಿ ಬಿಲ್‌ಗಳನ್ನು ಟ್ಯಾಲಿಗೆ ಏರಿಸುವುದು ಮತ್ತು ಬ್ಯಾಂಕ್ ಲೆಕ್ಕ ತಾಳೆ ನೋಡುವುದು ನನ್ನ ಕೆಲಸವಾಗಿತ್ತು. 2023ರ ಜುಲೈನಲ್ಲಿ ಅಕೌಂಟೆಂಟ್ ಕೆಲಸ ಬಿಟ್ಟ ಮೇಲೆ ಆ ಹುದ್ದೆ ಭರ್ತಿಯಾಗಲಿಲ್ಲ. ಅದೇ ಆಗಸ್ಟ್ 1ರಿಂದ ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದವರಿಗೆ ಇ-ಇನ್‌ವಾಯ್ಸ್ ಕಡ್ಡಾಯವಾಗಿ, ನಮ್ಮ ಕಂಪನಿಯೂ ಅದರ ವ್ಯಾಪ್ತಿಗೆ ಬಂತು. ಅಂದಿನಿಂದ ಪ್ರತಿ ತಿಂಗಳು 11ರೊಳಗೆ ಜಿಎಸ್‌ಟಿಆರ್-1, 20ರೊಳಗೆ ಜಿಎಸ್‌ಟಿಆರ್-3ಬಿ ಸಲ್ಲಿಸುವುದು, ಟಿಡಿಎಸ್, ಸಂಬಳದ ಪಟ್ಟಿ, ಲೆಕ್ಕ ಪರಿಶೋಧಕರಿಗೆ ಕಡತ ಒದಗಿಸುವುದು ಎಲ್ಲವೂ ನನ್ನ ಮೇಲಿವೆ. ಈ ಅವಧಿಯಲ್ಲಿ ಒಂದು ರಿಟರ್ನ್ ಕೂಡ ತಡವಾಗಿಲ್ಲ, ವಿಳಂಬ ಶುಲ್ಕ ಕಟ್ಟುವ ಸಂದರ್ಭ ಬಂದಿಲ್ಲ.

ಗಡುವು ಪಾಲಿಸುವುದು ಈ ಕೆಲಸದಲ್ಲಿ ಯಾರಿಂದಲಾದರೂ ನಿರೀಕ್ಷಿಸುವಂಥದ್ದೇ. ಅದಕ್ಕಿಂತ ಮುಖ್ಯವೆಂದು ನನಗೆ ಅನಿಸುವುದು ಬೇರೆ ಎರಡು ಕೆಲಸಗಳು. ನಾವು ತೆರಿಗೆ ಸೇರಿಸಿ ಹಣ ಕೊಟ್ಟಿದ್ದರೂ, ಸರಬರಾಜುದಾರರು ತಮ್ಮ ರಿಟರ್ನ್‌ನಲ್ಲಿ ಆ ಬಿಲ್ಲನ್ನು ತೋರಿಸದಿದ್ದರೆ ಅದು ನಮ್ಮ ಜಿಎಸ್‌ಟಿಆರ್-2ಬಿಯಲ್ಲಿ ಕಾಣುವುದಿಲ್ಲ. ಕಾಣದಿದ್ದರೆ ಹೂಡುವಳಿ ತೆರಿಗೆ ಜಮೆ ಸಿಗದೆ, ಅಷ್ಟು ಮೊತ್ತವನ್ನು ನಾವು ನಗದಾಗಿ ಕಟ್ಟಬೇಕಾಗುತ್ತದೆ. ಪ್ರತಿ ತಿಂಗಳು 14ರಂದು ಆ ಪಟ್ಟಿ ಬಂದ ಕೂಡಲೇ ನಮ್ಮ ಖರೀದಿ ಪುಸ್ತಕದೊಡನೆ ಹೋಲಿಸಿ, ಬಿಟ್ಟುಹೋದ ಬಿಲ್‌ಗಳ ಬಗ್ಗೆ ಒಬ್ಬೊಬ್ಬರಿಗೂ ಫೋನ್ ಮಾಡಿ ಸರಿಪಡಿಸಿಕೊಳ್ಳುವ ಪದ್ಧತಿಯನ್ನು ನಾನೇ ಆರಂಭಿಸಿದೆ. 2024ರ ಏಪ್ರಿಲ್‌ನಿಂದ ಈ ಜನವರಿಯವರೆಗೆ ಹೀಗೆ ದಕ್ಕಿದ ಜಮೆ 4,12,000 ರೂಪಾಯಿ. ಈ ಹಣ ನಮಗೆ ನ್ಯಾಯವಾಗಿ ಬರಬೇಕಾದದ್ದೇ ಆಗಿದ್ದರೂ, ಬೆನ್ನು ಹತ್ತದೆ ಬರುತ್ತಿರಲಿಲ್ಲ ಎಂಬುದು ತಮಗೂ ತಿಳಿದಿದೆ.

ಎರಡನೆಯದು, ಆದಾಯ ತೆರಿಗೆ ಕಾಯ್ದೆಯ 43ಬಿ(ಎಚ್) ನಿಯಮ. ಕಿರು ಮತ್ತು ಸಣ್ಣ ಉದ್ಯಮಗಳಿಗೆ ಒಪ್ಪಂದವಿಲ್ಲದಿದ್ದರೆ 15 ದಿನ, ಇದ್ದರೆ ಹೆಚ್ಚೆಂದರೆ 45 ದಿನಗಳೊಳಗೆ ಹಣ ಪಾವತಿಸದೆ ಬಾಕಿಯನ್ನು ವರ್ಷಾಂತ್ಯ ದಾಟಿಸಿದರೆ, ಆ ಖರ್ಚನ್ನು ಆ ವರ್ಷದ ಲೆಕ್ಕದಲ್ಲಿ ಕಳೆಯಲು ಬರುವುದಿಲ್ಲ. ನಮ್ಮ ಸರಬರಾಜುದಾರರ ಉದ್ಯಮ್ ನೋಂದಣಿ ಪತ್ರಗಳನ್ನು ತರಿಸಿಕೊಂಡು, ಅವಧಿ ಮೀರಿದ್ದ 11,60,000 ರೂಪಾಯಿ ಬಾಕಿಯ ಪಟ್ಟಿಯನ್ನು 2024ರ ಮಾರ್ಚ್ ಮೊದಲ ವಾರದಲ್ಲೇ ತಮಗೆ ಕೊಟ್ಟಿದ್ದೆ. ತಾವು 31ರೊಳಗೆ ಅದನ್ನು ಪಾವತಿ ಮಾಡಿಸಿದ್ದಿರಿ. ಈ ವರ್ಷದ ಪಟ್ಟಿಯೂ ಸಿದ್ಧವಾಗಿದೆ.

ನಾನು ಕೇಳಿರುವ ಹೆಚ್ಚಳದಿಂದ ಕಂಪನಿಗೆ ಬೀಳುವ ಹೊರೆ ಸಂಬಳದ ಲೆಕ್ಕದಲ್ಲಿ ವರ್ಷಕ್ಕೆ 84,000 ರೂಪಾಯಿ. ಖಾಲಿ ಉಳಿದ ಹುದ್ದೆಗೆ ಕೊಡುತ್ತಿದ್ದ ಮೊತ್ತ ತಮಗೆ ಗೊತ್ತಿರುವುದರಿಂದ, ಹೋಲಿಕೆಯನ್ನು ತಮಗೇ ಬಿಡುತ್ತೇನೆ. ಸಂಬಳದ ಪಟ್ಟಿ ನನ್ನ ಕೈಯಲ್ಲೇ ತಯಾರಾಗುತ್ತದೆಯಾದರೂ, ಕರ್ತವ್ಯದ ಕಾರಣಕ್ಕೆ ತಿಳಿದ ಸಹೋದ್ಯೋಗಿಗಳ ಸಂಬಳವನ್ನು ನನ್ನ ವಾದಕ್ಕೆ ಬಳಸುವುದು ಸರಿಯಲ್ಲವೆಂದು ಈ ಪತ್ರದಲ್ಲಿ ಎಲ್ಲಿಯೂ ಅದನ್ನು ತಂದಿಲ್ಲ.

ಎಲ್ಲರಿಗೂ ಪ್ರತಿ ವರ್ಷ ಕೊಡುವ ಶೇ 5ರ ಹೆಚ್ಚಳ ನನ್ನ ಪಾಲಿಗೆ 1,300 ರೂಪಾಯಿ ಆಗುತ್ತದೆ. ಅದೇ ಕೆಲಸದಲ್ಲಿ ಮುಂದುವರಿಯುವವರಿಗೆ ಆ ಕ್ರಮ ಸರಿ. ಇಲ್ಲಿ ಕೆಲಸವೇ ಬದಲಾಗಿರುವುದರಿಂದ ಇದನ್ನು ಹುದ್ದೆಯ ಪರಿಷ್ಕರಣೆಯೆಂದು ಪರಿಗಣಿಸಬೇಕೆಂಬುದು ನನ್ನ ನಿಲುವು. ಪೂರ್ತಿ ಮೊತ್ತವನ್ನು ಒಮ್ಮೆಲೇ ಕೊಡುವುದು ಕಷ್ಟವಾದರೆ ಏಪ್ರಿಲ್‌ನಿಂದ 4,000, ಅಕ್ಟೋಬರ್‌ನಿಂದ ಉಳಿದ 3,000 ರೂಪಾಯಿ ಎಂದು ಎರಡು ಕಂತಿನಲ್ಲಿ ಏರಿಸುವುದಕ್ಕೂ ನನ್ನ ಒಪ್ಪಿಗೆಯಿದೆ. ಆದರೆ ಎರಡನೇ ಕಂತಿನ ದಿನಾಂಕವೂ ಈಗಲೇ ಲಿಖಿತವಾಗಿ ಆಗಬೇಕು.

ಮಾರ್ಚ್ 5ರವರೆಗೆ ರಿಟರ್ನ್‌ಗಳ ಒತ್ತಡ ಕಡಿಮೆ ಇರುವುದರಿಂದ, ಅಷ್ಟರೊಳಗೆ ಅರ್ಧ ಗಂಟೆ ಸಮಯ ಕೊಟ್ಟರೆ ಮೇಲಿನ ಅಂಕಿಗಳ ಕಡತಗಳೊಂದಿಗೆ ಬಂದು ವಿವರಿಸುತ್ತೇನೆ. ಏಪ್ರಿಲ್ ಸಂಬಳದ ಬದಲಾವಣೆಗಳನ್ನು ಮಾರ್ಚ್ ಕೊನೆಯ ವಾರದಲ್ಲಿ ದಾಖಲಿಸಬೇಕಿರುವುದರಿಂದ, 20ರೊಳಗೆ ತಮ್ಮ ನಿರ್ಧಾರ ತಿಳಿಸಬೇಕೆಂದು ವಿನಂತಿ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ,
ಅಕೌಂಟ್ಸ್ ಅಸಿಸ್ಟೆಂಟ್, ಲೆಕ್ಕಪತ್ರ ವಿಭಾಗ