ಫೋಟೊ ತೆಗೆಯುವ ಕೆಲಸ ಪ್ರತಿ ಸಲವೂ ನಿಮಗೇ ಏಕೆ?

ಕಾಪುವಿನಿಂದ ಪತ್ರ ಬರೆದಿರುವ ಸಹೋದರಿಗೆ,

ಕಟಪಾಡಿಯ ಸಭಾಭವನದಲ್ಲಿ ನಡೆದ ನಿಮ್ಮ ಸೋದರಮಾವನ ಮಗನ ಮೆಹಂದಿಯ ಬಗ್ಗೆ ನೀವು ವಿವರವಾಗಿ ಬರೆದಿದ್ದೀರಿ. ನೀವೂ ನಿಮ್ಮ ಚಿಕ್ಕಮ್ಮನ ಮಗಳೂ ಒಂದೇ ಬಣ್ಣದ ಸೀರೆಯುಟ್ಟು, ಒಂದೇ ಚೆಂಡಿನಿಂದ ತುಂಡರಿಸಿದ ಶಂಕರಪುರ ಮಲ್ಲಿಗೆಯನ್ನು ಮುಡಿದು ನಿಂತಿದ್ದಾಗ, ಅತ್ತೆ ಅವಳನ್ನು ನಡುವೆ ನಿಲ್ಲಿಸಿಕೊಂಡು, “ನಮ್ಮದೊಂದು ಫೋಟೊ ತೆಗಿ ಮಾರಾಯ್ತಿ” ಎಂದು ಮೊಬೈಲನ್ನು ನಿಮ್ಮ ಕೈಗಿತ್ತರು. ಮರುದಿನ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಬಂದ ಚಿತ್ರಗಳಲ್ಲಿ ಎಲ್ಲರೂ ಇದ್ದರು, ನೀವೊಬ್ಬರು ಇರಲಿಲ್ಲ. ಅದನ್ನು ಯಾರೂ ಗಮನಿಸಲಿಲ್ಲ ಎಂಬುದೇ ನಿಮ್ಮನ್ನು ಹೆಚ್ಚು ನೋಯಿಸಿದೆ.

ರೂಪಕ್ಕಿಂತ ಗುಣ ದೊಡ್ಡದು ಎಂದು ಹೇಳಿ ನಿಮ್ಮನ್ನು ಸಾಗಹಾಕುವ ಇಚ್ಛೆ ನನಗಿಲ್ಲ. ಆ ಮಾತನ್ನು ನೀವು ಇಪ್ಪತ್ಮೂರು ವರ್ಷಗಳಲ್ಲಿ ಸಾಕಷ್ಟು ಕೇಳಿರುತ್ತೀರಿ, ಮತ್ತು ಅದನ್ನು ಹೇಳಿದವರೇ ಮರುಕ್ಷಣ ನಿಮ್ಮ ತಂಗಿಯ ಬಣ್ಣವನ್ನು ಹೊಗಳಿರುತ್ತಾರೆ. ಅವಳು ನೋಡಲು ಚೆಂದ, ಜನರ ಕಣ್ಣು ಮೊದಲು ಅವಳ ಮೇಲೆ ಬೀಳುತ್ತದೆ ಎಂಬುದನ್ನು ಒಪ್ಪಿಕೊಂಡೇ ಮಾತನಾಡೋಣ. ಮನುಷ್ಯರು ತಮ್ಮನ್ನು ಅಳೆದುಕೊಳ್ಳುವುದು ದೂರದವರೊಂದಿಗಲ್ಲ, ತಮ್ಮಂತೆಯೇ ಇರುವವರೊಂದಿಗೆ ಎಂದು ಮನೋವಿಜ್ಞಾನಿ ಲಿಯಾನ್ ಫೆಸ್ಟಿಂಗರ್ 1954ರಲ್ಲೇ ವಾದಿಸಿದ್ದರು. ಸಿನಿಮಾ ನಟಿಯ ಚೆಲುವು ನಿಮ್ಮನ್ನು ಕಾಡದಿರುವುದಕ್ಕೂ, ಒಂದೇ ವಯಸ್ಸಿನ, ಒಂದೇ ಅಜ್ಜಿಯ ಮೊಮ್ಮಗಳ ಚೆಲುವು ಕಾಡುವುದಕ್ಕೂ ಕಾರಣ ಇದೇ. ಆದ್ದರಿಂದ ಹೊಟ್ಟೆಕಿಚ್ಚಿನವಳು ನಾನು ಎಂದು ನಿಮ್ಮನ್ನೇ ಬೈದುಕೊಳ್ಳಬೇಡಿ.

ಆದರೆ ಪತ್ರದಲ್ಲಿ ನೀವು ಸಹಜವೆಂಬಂತೆ ಬರೆದುಬಿಟ್ಟ ಇನ್ನೊಂದು ಸಂಗತಿಯಿದೆ. ಸಭಾಭವನಕ್ಕೆ ಹೋದ ಕೂಡಲೇ ನೀವು ಬಡಿಸುವವರ ಜೊತೆ ಸೇರಿಕೊಳ್ಳುತ್ತೀರಿ, ಎಲ್ಲರದ್ದೂ ಊಟವಾದ ಮೇಲೆ ಕೊನೆಯ ಪಂಕ್ತಿಯಲ್ಲಿ ಕುಳಿತುಕೊಳ್ಳುತ್ತೀರಿ, ಯಾರಾದರೂ ಮಾತನಾಡಿಸಿದರೆ ಉತ್ತರಿಸಿ ಅಲ್ಲಿಂದ ಸರಿದುಬಿಡುತ್ತೀರಿ. ಹೋಲಿಕೆಯಿಂದ ತಪ್ಪಿಸಿಕೊಳ್ಳಲು ಕಂಡುಕೊಂಡ ಉಪಾಯ ಇದಾಗಿರಬಹುದು, ಆದರೆ ಇದರಿಂದಾಗಿ, ನಿಮ್ಮನ್ನು ನೋಡಲು ಮನಸ್ಸಿರುವವರಿಗೂ ನೀವು ಕಾಣಸಿಗುವುದಿಲ್ಲ. ಹಿರಿಯರ ಅಭ್ಯಾಸವನ್ನು ತಿದ್ದುವುದು ನಮ್ಮ ಕೈಯಲ್ಲಿಲ್ಲ (ನಮ್ಮ ಊರಿನ ಅತ್ತೆಯಂದಿರು ಅಂಕಣ ಓದಿ ಬದಲಾಗುವವರಲ್ಲ), ನಿಲ್ಲುವ ಜಾಗವನ್ನು ಮಾತ್ರ ನೀವೇ ಬದಲಾಯಿಸಬಹುದು.

ಮುಂದಿನ ತಿಂಗಳು ಕುಟುಂಬದ ಮನೆಯಲ್ಲಿ ನಾಗತಂಬಿಲವಿದೆ ಎಂದು ಬರೆದಿದ್ದೀರಿ. ಹಾಲು, ಎಳನೀರು, ಹಿಂಗಾರ, ಅರಸಿನವನ್ನು ಅಣಿಗೊಳಿಸುವ ಕೆಲಸ ಹೇಗೂ ನಿಮ್ಮ ಪಾಲಿಗೇ ಬರುತ್ತದೆ, ಅದನ್ನು ಮಾಡಿ. ಆದರೆ ಮುಗಿದೊಡನೆ ಅಡುಗೆಮನೆಗೆ ಓಡದೆ, ಅಂಗಳದಲ್ಲಿ ಎಲ್ಲರೊಂದಿಗೆ ಕುಳಿತು ಮೊದಲ ಪಂಕ್ತಿಯಲ್ಲೇ ಊಟ ಮಾಡಿ. ಕುಟುಂಬದ ಹಳೆಯ ಕಥೆಗಳನ್ನು ದೊಡ್ಡಮಾವ ನಿಮಗೆ ಮಾತ್ರ ಹೇಳುತ್ತಾರೆ ಎಂಬ ಒಂದು ಸಾಲು ನಿಮ್ಮ ಪತ್ರದಲ್ಲಿದೆ. ಹಾಗಾದರೆ ಆ ಮನೆಯಲ್ಲಿ ನಿಮ್ಮನ್ನು ಗುರುತಿಸಿದವರು ಒಬ್ಬರಾದರೂ ಇದ್ದಾರೆ, ಅವರ ಪಕ್ಕದಲ್ಲಿ ಕುಳಿತುಕೊಳ್ಳಿ. ಅತ್ತೆ ಮತ್ತೆ ಮೊಬೈಲ್ ಕೊಟ್ಟರೆ, “ಒಂದು ನಾನು ತೆಗೆಯುತ್ತೇನೆ ಅತ್ತೆ, ಇನ್ನೊಂದು ಬೇರೆ ಯಾರಾದರೂ ತೆಗೆಯಲಿ, ನಾನೂ ನಿಲ್ಲುತ್ತೇನೆ” ಎಂದು ನಗುತ್ತಲೇ ಹೇಳಿ. ಅದರಲ್ಲಿ ಅಗೌರವವೇನೂ ಇಲ್ಲ.

ಇನ್ನು ತಂಗಿಯ ವಿಚಾರ. ಅವಳು ನಿಮ್ಮನ್ನು ಹೀಯಾಳಿಸಿದಳೆಂದು ನೀವು ಎಲ್ಲಿಯೂ ಬರೆದಿಲ್ಲ. ಪ್ರತಿ ಮದುವೆಮನೆಯಲ್ಲೂ ಅವಳಿಗೆ ಸಂಬಂಧ ಹುಡುಕುವ ಮಾತು ಏಳುತ್ತದೆ, ಅವಳು ಸ್ನಾತಕೋತ್ತರ ಓದಬೇಕೆಂದಿರುವುದನ್ನು ಯಾರೂ ಕೇಳುವುದಿಲ್ಲ ಎಂದು ಮಾತ್ರ ಬರೆದಿದ್ದೀರಿ. ಅವಳ ಮುಖವನ್ನು ನೋಡುವವರು ಅವಳ ಮಾತನ್ನು ಕೇಳಿಸಿಕೊಳ್ಳುತ್ತಿಲ್ಲ ಎಂದಾಯಿತು. ಗದ್ದಲವಿಲ್ಲದ ಒಂದು ಸಂಜೆ ಕಾಪು ಕಡಲತೀರಕ್ಕೆ ಅವಳನ್ನು ಕರೆದುಕೊಂಡು ಹೋಗಿ, ಮೆಹಂದಿಯ ದಿನ ನಿಮಗೇನನ್ನಿಸಿತೆಂದು ನೇರವಾಗಿ ಹೇಳಿ. ಮುಂದಿನ ಸಲ ನಿಮ್ಮ ಕೈ ಹಿಡಿದು ಫೋಟೊಕ್ಕೆ ಎಳೆದುಕೊಳ್ಳಲು ಅವಳಿಗಿಂತ ತಕ್ಕವರು ಬೇರೆ ಯಾರಿದ್ದಾರೆ?

ಪತ್ರದ ಕೊನೆಯ ಭಾಗ ನನಗೆ ಹೆಚ್ಚು ಆತಂಕ ಉಂಟುಮಾಡಿದೆ. ಗೆಳತಿ ಹೇಳಿದಳೆಂದು ಔಷಧಿ ಅಂಗಡಿಯಿಂದ ತಂದ ಬಿಳುಪಿನ ಕ್ರೀಮನ್ನು ಕೆಲವು ತಿಂಗಳಿಂದ ಹಚ್ಚುತ್ತಿದ್ದೀರಿ, ಈಗ ಬಿಸಿಲಿಗೆ ಹೋದರೆ ಮುಖ ಉರಿಯುತ್ತದೆ ಎಂದಿದ್ದೀರಿ. ಇಂತಹ ಕೆಲವು ಕ್ರೀಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ವೈದ್ಯರ ಸಲಹೆಯಿಲ್ಲದೆ ಬಹಳ ದಿನ ಬಳಸಿದರೆ ಚರ್ಮ ತೆಳುವಾಗಿ, ಮೊಡವೆ ಮತ್ತು ಅನಗತ್ಯ ಕೂದಲು ಕಾಣಿಸಿಕೊಳ್ಳಬಹುದು, ಹಠಾತ್ತಾಗಿ ನಿಲ್ಲಿಸಿದರೆ ಉರಿ ಇನ್ನೂ ಹೆಚ್ಚಬಹುದು. ಆ ಟ್ಯೂಬನ್ನು ಚೀಲದಲ್ಲಿಟ್ಟುಕೊಂಡು, ಈ ವಾರವೇ ಉಡುಪಿ ಅಥವಾ ಮಣಿಪಾಲದಲ್ಲಿ ಚರ್ಮರೋಗ ತಜ್ಞರನ್ನು ಕಂಡು, ಅದನ್ನು ಹೇಗೆ ನಿಲ್ಲಿಸಬೇಕೆಂದು ಕೇಳಿ. ರಾತ್ರಿ ಊಟ ಬಿಟ್ಟಿರುವುದನ್ನೂ ಅವರಿಗೆ ಮುಚ್ಚಿಡಬೇಡಿ. ಮನಸ್ಸಿನ ಭಾರ ನಿದ್ದೆಯನ್ನೂ ಕೆಡಿಸುತ್ತಿದ್ದರೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ; ಕರೆ ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು.